ಲೋಲಕದ ಪ್ರಯೋಗದಲ್ಲಿ g ತಪ್ಪು ಬಂದಾಗ: ವ್ಯವಸ್ಥಿತ ದೋಷ ಯಾವುದು, ಯಾದೃಚ್ಛಿಕ ದೋಷ ಯಾವುದು ಎಂದು ಹಿಡಿಯುವ ಬಗೆ

ಮೊನ್ನೆ ಮದ್ದೂರಿನಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಬರುವ ಹುಡುಗಿಯೊಬ್ಬಳು ತನ್ನ ರೆಕಾರ್ಡ್ ತಂದು ಮೇಜಿನ ಮೇಲಿಟ್ಟಳು. "ಸರ್, ಒಂದೊಂದು ಉದ್ದಕ್ಕೂ ಐದೈದು ಸಲ ತೆಗ್ದಿದೀನಿ. ಆದ್ರೂ g ಒಂಬತ್ತೂವರೆ ಹತ್ರಾನೇ ಬರ್ತಿದೆ. ಇನ್ನೂ ಐದೈದು ಸಲ ತೆಗೀಲಾ?"

ಅವಳ ಉತ್ತರ 9.57 ಇತ್ತು. ಅದರ ಕೆಳಗೆ ಒಂದೇ ಸಾಲು: "ಹ್ಯೂಮನ್ ಎರರ್‌ನಿಂದ ವ್ಯತ್ಯಾಸ ಬಂದಿದೆ." ಪ್ರತಿ ವರ್ಷ ಇದೇ ಸಾಲು ನೋಡುತ್ತೇನೆ. ಪಿಯುಸಿಯವರೂ ಬರೆಯುತ್ತಾರೆ, ಬಿ.ಎಸ್ಸಿ. ಮೊದಲ ವರ್ಷದವರೂ ಬರೆಯುತ್ತಾರೆ. ರೀಡಿಂಗ್ ತೆಗೆಯುವುದರಲ್ಲಿ ಅವರು ಸೋತಿಲ್ಲ. ತೆಗೆದ ರೀಡಿಂಗ್ ಏನು ಹೇಳುತ್ತಿದೆ ಎಂದು ಓದುವುದರಲ್ಲಿ ಸೋಲುತ್ತಿದ್ದಾರೆ. ಅವಳ ಅಂಕಿಗಳನ್ನೇ ಇಟ್ಟುಕೊಂಡು, ಮಾಡಬೇಕಾದ್ದನ್ನು ಕ್ರಮವಾಗಿ ಇಲ್ಲಿ ಬರೆದಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಒಂದರ ಉತ್ತರ ಇನ್ನೊಂದಕ್ಕೆ ಬೇಕು.

## ಎರಡು ದೋಷಗಳ ವ್ಯತ್ಯಾಸ

ಮಂಡ್ಯ ಕಡೆಯ ಆಲೆಮನೆ ನೋಡಿದ್ದರೆ ಇದು ಸಲೀಸಾಗಿ ಅರ್ಥವಾಗುತ್ತದೆ. ಬಿಸಿ ಪಾಕವನ್ನು ಅಚ್ಚಿಗೆ ಹಾಕಿ ಒತ್ತುವಾಗ ಒಂದು ಬೆಲ್ಲ ಸ್ವಲ್ಪ ಜಾಸ್ತಿ, ಇನ್ನೊಂದು ಸ್ವಲ್ಪ ಕಮ್ಮಿ ತೂಗುತ್ತದೆ. ಅದು ಕೈಯ ಏರುಪೇರು. ನೂರು ಅಚ್ಚು ತೂಗಿ ಸರಾಸರಿ ತೆಗೆದರೆ ಅದು ಹೆಚ್ಚುಕಮ್ಮಿ ಸರಿಹೋಗುತ್ತದೆ. ಆದರೆ ಅಚ್ಚಿನ ಗುಣಿಯೇ ಚಿಕ್ಕದಾಗಿದ್ದರೆ? ಪ್ರತಿ ಬೆಲ್ಲವೂ ಕಮ್ಮಿಯೇ ಬರುತ್ತದೆ. ಸಾವಿರ ತೂಗಿದರೂ ಅದು ಸರಾಸರಿಯಲ್ಲಿ ಕರಗುವುದಿಲ್ಲ.

ಕೈಯ ಏರುಪೇರು ಯಾದೃಚ್ಛಿಕ ದೋಷ. ಚಿಕ್ಕ ಗುಣಿ ವ್ಯವಸ್ಥಿತ ದೋಷ. ಮೊದಲನೆಯದು ಅದೇ ಅಳತೆಯನ್ನು ಮತ್ತೆ ಮತ್ತೆ ಮಾಡಿದಾಗ ಕಾಣುತ್ತದೆ. ಎರಡನೆಯದು ಹಾಗೆ ಕಾಣುವುದಿಲ್ಲ. ಪ್ರಯೋಗದಲ್ಲಿ ಏನನ್ನಾದರೂ ಬದಲಾಯಿಸಿದಾಗ ಮಾತ್ರ ಕಾಣುತ್ತದೆ. ಮುಂದಿನ ಎಲ್ಲ ಹಂತಗಳೂ ಇದರ ಮೇಲೇ ನಿಂತಿವೆ.

## ಬೇಕಾದ ಸಾಮಾನು

ತೆಳುವಾದ, ಎಳೆದರೆ ಹಿಗ್ಗದ ದಾರ ಸುಮಾರು ಒಂದೂವರೆ ಮೀಟರ್. ಕೊಕ್ಕೆ ಇರುವ ಲೋಹದ ಗುಂಡು. ಅಲ್ಲಾಡದ ಸ್ಟ್ಯಾಂಡ್, ದಾರ ಹಿಡಿಯಲು ಸೀಳಿದ ಕಾರ್ಕ್. ಮೀಟರ್ ಸ್ಕೇಲ್ ಮತ್ತು ವರ್ನಿಯರ್ ಕ್ಯಾಲಿಪರ್ಸ್. ಸೆಕೆಂಡಿನ ನೂರನೇ ಒಂದು ಭಾಗ ತೋರಿಸುವ ಸ್ಟಾಪ್‌ವಾಚ್. ಫೋನಿನದೇ ಸಾಕು. ಒಂದು ಸೀಮೆಸುಣ್ಣ. ಗ್ರಾಫ್ ಹಾಳೆ ಅಥವಾ ಫೋನಿನಲ್ಲಿ ಸ್ಪ್ರೆಡ್‌ಶೀಟ್.

ಕಾರ್ಕ್ ಬಗ್ಗೆ ಒಂದು ಮಾತು. ದಾರವನ್ನು ಸ್ಟ್ಯಾಂಡಿನ ಸರಳಿಗೆ ಸುತ್ತಿ ಗಂಟು ಹಾಕಬೇಡಿ. ಲೋಲಕ ಆಡುವಾಗ ದಾರ ಸರಳಿಗೆ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ತೂಗುವ ಬಿಂದು ಎಲ್ಲಿದೆ ಎಂದು ನಿಮಗೇ ಗೊತ್ತಾಗುವುದಿಲ್ಲ. ಸೀಳಿದ ಕಾರ್ಕಿನ ನಡುವೆ ಬಿಗಿಯಾಗಿ ಹಿಡಿದರೆ, ಕಾರ್ಕಿನ ಕೆಳ ಅಂಚೇ ಆ ಬಿಂದು.

## ಹಂತ 1: ಯಾವ g ಜೊತೆ ಹೋಲಿಸಬೇಕು?

ಪುಸ್ತಕದಲ್ಲಿ 9.8 ಇರುತ್ತದೆ, ಇನ್ನೊಂದರಲ್ಲಿ 9.81. ಇವೆರಡೂ ನಮ್ಮ ಊರಿನ ಬೆಲೆ ಅಲ್ಲ. ಭೂಮಿ ತಿರುಗುವುದರಿಂದ ಮತ್ತು ಸಮಭಾಜಕದ ಹತ್ತಿರ ಉಬ್ಬಿರುವುದರಿಂದ ಅಲ್ಲಿ g ಕಡಿಮೆ, ಧ್ರುವಗಳ ಕಡೆ ಹೋದಂತೆ ಜಾಸ್ತಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರ ಮಟ್ಟದಿಂದ 760 ಮೀಟರಿನಷ್ಟು ಎತ್ತರದಲ್ಲಿ. ಇಲ್ಲಿ g ಸುಮಾರು 9.78 m/s². ಮಂಡ್ಯದಲ್ಲೂ ಎರಡು ದಶಮಾಂಶಕ್ಕೆ ಅದೇ.

9.81 ಇಟ್ಟುಕೊಂಡು ಹೋಲಿಸಿದರೆ ಶೇಕಡಾ 0.3ರಷ್ಟು ವ್ಯತ್ಯಾಸ ಸುಮ್ನೆ ಹುಟ್ಟಿಕೊಳ್ಳುತ್ತದೆ. ಪ್ರಯೋಗ ಚೆನ್ನಾಗಿ ಮಾಡಿದವರೇ ಇದರಿಂದ ಹೆಚ್ಚು ಮೋಸಹೋಗುತ್ತಾರೆ. ಸರಿಯಾಗಿ 9.78 ಬಂದಿರುತ್ತದೆ, ಆದರೂ ಇಲ್ಲದ ತಪ್ಪನ್ನು ಹುಡುಕುತ್ತಾ ಕೂರುತ್ತಾರೆ.

## ಹಂತ 2: ಒಂದೇ ಉದ್ದದಲ್ಲಿ ಏರುಪೇರನ್ನು ಅಳೆಯಿರಿ

ಗುಂಡು ಸುಮ್ಮನೆ ನೇತಾಡುವಾಗ ದಾರದ ಹಿಂದೆ ಗೋಡೆಯ ಮೇಲೋ ರಟ್ಟಿನ ಮೇಲೋ ಸೀಮೆಸುಣ್ಣದಿಂದ ಒಂದು ನೇರ ಗೆರೆ ಎಳೆಯಿರಿ. ಗುಂಡು ಆ ಗೆರೆ ದಾಟುವ ಕ್ಷಣಕ್ಕೆ ವಾಚ್ ಶುರು ಮಾಡಿ, ಅದೇ ದಿಕ್ಕಿನಲ್ಲಿ ದಾಟುವಾಗಲೇ ನಿಲ್ಲಿಸಿ. ತುದಿಯಲ್ಲಿ ಗುಂಡು ನಿಂತು ತಿರುಗುವುದರಿಂದ ಅಲ್ಲಿ ಸರಿಯಾದ ಕ್ಷಣ ಹಿಡಿಯುವುದು ಕಷ್ಟ. ನಡುವೆ ಅದು ಅತಿ ವೇಗವಾಗಿ ಹೋಗುತ್ತದೆ, ಹಾಗಾಗಿ ದಾಟುವ ಕ್ಷಣ ಸ್ಪಷ್ಟವಾಗಿ ಸಿಗುತ್ತದೆ.

20 ಆಂದೋಲನಗಳ ಸಮಯವನ್ನು ಐದು ಸಲ ತೆಗೆಯಿರಿ. ದಾರ 1 ಮೀಟರ್ ಇದ್ದಾಗ ನಮ್ಮ ಹುಡುಗಿಗೆ ಬಂದದ್ದು ಇಷ್ಟು:

40.31, 40.52, 40.45, 40.58, 40.39 ಸೆಕೆಂಡು.

ಸರಾಸರಿ 40.45. ಆಮೇಲೆ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯಿರಿ. ಸ್ಪ್ರೆಡ್‌ಶೀಟ್‌ನಲ್ಲಿ ಐದು ಅಂಕಿ `A1`ರಿಂದ `A5`ವರೆಗೆ ಇದ್ದರೆ:

```
=STDEV(A1:A5)
=STDEV(A1:A5)/SQRT(5)
```

ಮೊದಲನೆಯದು 0.11 ಸೆಕೆಂಡು. ಅಂದರೆ ಒಂದೊಂದು ರೀಡಿಂಗ್ ಎಷ್ಟು ಆಚೀಚೆ ಆಗುತ್ತಿದೆ ಎಂಬುದು. ಎರಡನೆಯದು 0.05 ಸೆಕೆಂಡು. ಇದು ಸರಾಸರಿಯಲ್ಲಿ ಉಳಿದಿರುವ ಅನಿಶ್ಚಿತತೆ. ಯಾದೃಚ್ಛಿಕ ದೋಷದ ಅಳತೆ ಇದೇ. ಅದು ಊಹೆಯಿಂದ ಬಂದದ್ದಲ್ಲ, ನಿಮ್ಮ ರೀಡಿಂಗ್‌ಗಳಿಂದಲೇ ಬಂದದ್ದು.

"ಮನುಷ್ಯನ ಪ್ರತಿಕ್ರಿಯೆಗೆ 0.2 ಸೆಕೆಂಡು ಬೇಕು, ಅದೇ ದೋಷ" ಎಂದು ಎಷ್ಟೋ ಜನ ಬರೆಯುತ್ತಾರೆ. ಅದು ಸರಿಯಲ್ಲ. ಶುರು ಮಾಡುವಾಗಲೂ ನಿಲ್ಲಿಸುವಾಗಲೂ ನೀವು ಅಷ್ಟೇ ತಡ ಮಾಡಿದರೆ ಎರಡೂ ಕಳೆದುಹೋಗುತ್ತವೆ. ಉಳಿಯುವುದು ಆ ತಡದಲ್ಲಿನ ಏರುಪೇರು ಮಾತ್ರ.

ಐದರಲ್ಲಿ ಒಂದು 42.47 ಬಂದರೆ? ಉಳಿದವುಗಳಿಗಿಂತ ಅದು ಎರಡು ಸೆಕೆಂಡು ಜಾಸ್ತಿ. ಈ ಉದ್ದದ ಆವರ್ತಕಾಲವೂ ಎರಡು ಸೆಕೆಂಡೇ. ಅಂದರೆ ನೀವು 21 ಆಂದೋಲನ ಎಣಿಸಿದ್ದೀರಿ. ಅದು ಯಾದೃಚ್ಛಿಕವೂ ಅಲ್ಲ, ವ್ಯವಸ್ಥಿತವೂ ಅಲ್ಲ, ಬರೀ ಎಣಿಕೆಯ ತಪ್ಪು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದು, ಇನ್ನೊಂದು ರೀಡಿಂಗ್ ತೆಗೆಯಿರಿ. ಆದರೆ 40.31 ಇಷ್ಟವಾಗಲಿಲ್ಲ ಎಂದು ಅದನ್ನು ತೆಗೆಯುವ ಹಾಗಿಲ್ಲ.

## ಹಂತ 3: ಏರುಪೇರು ಇಷ್ಟು ದೊಡ್ಡ ತಪ್ಪನ್ನು ಹೊರಬಲ್ಲದೇ?

ಈಗ ಆ 0.05 ಸೆಕೆಂಡನ್ನು g ವರೆಗೆ ಒಯ್ಯಿರಿ. ಸೂತ್ರ ಇದು:

```
g = 4π²L / T²
```

T ಇಲ್ಲಿ ವರ್ಗದಲ್ಲಿದೆ. ಹಾಗಾಗಿ T ಶೇಕಡಾ ಒಂದು ತಪ್ಪಾದರೆ g ಶೇಕಡಾ ಎರಡು ತಪ್ಪಾಗುತ್ತದೆ. 40.45ರಲ್ಲಿ 0.05 ಅಂದರೆ ಶೇಕಡಾ 0.12. ಅದರ ಎರಡರಷ್ಟು ಶೇಕಡಾ 0.24. g ಲೆಕ್ಕದಲ್ಲಿ 0.02.

ಅವಳಿಗೆ ಈ ಉದ್ದದಲ್ಲಿ g ಬಂದದ್ದು 9.65. ಅಂದರೆ ಅವಳ ರೀಡಿಂಗ್‌ಗಳು ಹೇಳುವುದು 9.65 ± 0.02. ಇರಬೇಕಾದ್ದು 9.78. ಅಂತರ 0.13, ಏರುಪೇರಿನ ಆರು ಪಟ್ಟಿಗಿಂತ ಜಾಸ್ತಿ. ಕೈಯ ಏರುಪೇರು ಒಂದು ಪಟ್ಟು ತಪ್ಪಿಸುವುದು ಮಾಮೂಲಿ, ಎರಡು ಪಟ್ಟು ಅಪರೂಪಕ್ಕೆ. ಆರು ಪಟ್ಟನ್ನು ಅದರ ತಲೆಗೆ ಕಟ್ಟಲು ಆಗುವುದಿಲ್ಲ.

ಅವಳ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಇನ್ನೂ ಐದೈದು ಸಲ ತೆಗೆದರೆ ± 0.02 ಎಂಬುದು ± 0.015 ಆಗುತ್ತದೆ. 9.65 ಮಾತ್ರ 9.65ರ ಆಸುಪಾಸಿನಲ್ಲೇ ಇರುತ್ತದೆ. ತಪ್ಪು ಉತ್ತರವನ್ನೇ ಇನ್ನಷ್ಟು ಖಚಿತವಾಗಿ ಹೇಳಿದಂತಾಗುತ್ತದೆ, ಅಷ್ಟೇ.

ಅಂತರ ಏರುಪೇರಿನ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ? ಆಗ ವ್ಯವಸ್ಥಿತ ದೋಷ ಇಲ್ಲ ಎಂದು ತೀರ್ಮಾನ ಮಾಡಬೇಡಿ. ಇದ್ದರೂ ಅದು ನಿಮ್ಮ ಏರುಪೇರಿನೊಳಗೆ ಮುಚ್ಚಿಹೋಗಿದೆ ಎಂದಷ್ಟೇ ಅರ್ಥ.

## ಹಂತ 4: ಉದ್ದ ಬದಲಾಯಿಸಿ, g ಯಾವ ಕಡೆ ಹೋಗುತ್ತದೆ ನೋಡಿ

ಒಂದೇ ಉದ್ದದಲ್ಲಿ ಎಷ್ಟು ಹೊತ್ತು ಕೂತರೂ ವ್ಯವಸ್ಥಿತ ದೋಷ ಯಾವುದೆಂದು ಗೊತ್ತಾಗದು. ಈಗ ಉದ್ದ ಬದಲಾಯಿಸಬೇಕು. ಕನಿಷ್ಠ ಐದು ಉದ್ದ ಬೇಕು, ಅವು ದೂರ ದೂರ ಇರಬೇಕು. 90, 95, 100 ಎಂದು ಪಕ್ಕಪಕ್ಕದಲ್ಲಿ ತೆಗೆದರೆ ಏನೂ ಕಾಣುವುದಿಲ್ಲ. ಅವಳು 40ರಿಂದ 120 ಸೆಂ.ಮೀ. ವರೆಗೆ ತೆಗೆದಿದ್ದು ಬಹಳ ಒಳ್ಳೆಯದಾಯಿತು.

| ದಾರದ ಉದ್ದ l (ಮೀ.) | 20 ಆಂದೋಲನ, ಸರಾಸರಿ (ಸೆ.) | T² (ಸೆ.²) | ಬಂದ g |
|---|---|---|---|
| 0.40 | 25.92 | 1.680 | 9.40 |
| 0.60 | 31.48 | 2.478 | 9.56 |
| 0.80 | 36.30 | 3.294 | 9.59 |
| 1.00 | 40.45 | 4.091 | 9.65 |
| 1.20 | 44.32 | 4.911 | 9.65 |

ಕೊನೆಯ ಕಾಲಮ್ಮನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿ. 9.40, 9.56, 9.59, 9.65, 9.65. ಬರೀ ಏರುಪೇರು ಇದ್ದಿದ್ದರೆ ಈ ಅಂಕಿಗಳು ಮೇಲೆ ಕೆಳಗೆ ಕುಣಿಯಬೇಕಿತ್ತು. ಇಲ್ಲಿ ಏರುತ್ತಲೇ ಹೋಗಿ ಕೊನೆಗೆ ನಿಂತಿವೆ. ಇದಕ್ಕೆ ಪುಸ್ತಕದ g ಕೂಡ ಬೇಕಾಗಿಲ್ಲ. ಭೂಮಿಯ g ನಿಮ್ಮ ದಾರದ ಉದ್ದ ನೋಡಿ ಬದಲಾಗುವುದಿಲ್ಲ, ಅಲ್ವಾ? ಹಾಗಾದರೆ ಬದಲಾಗುತ್ತಿರುವುದು ನಿಮ್ಮ ಅಳತೆಯೊಳಗಿನ ಯಾವುದೋ ಒಂದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಈ ಐದನ್ನು ಕೂಡಿಸಿ ಐದರಿಂದ ಭಾಗಿಸುವುದು. ಅವಳ 9.57 ಬಂದದ್ದೇ ಹಾಗೆ. ಸರಾಸರಿ ತೆಗೆದ ಕೂಡಲೇ ಆ ಏರಿಕೆ ಕಣ್ಮರೆಯಾಯಿತು. ಕಾಲಮ್ಮನ್ನು ಓದದೆ ಸರಾಸರಿ ತೆಗೆಯಬೇಡಿ.

ಈ ಏರಿಕೆಗೂ ಒಂದು ಅರ್ಥ ಇದೆ. ಚಿಕ್ಕ ಉದ್ದದಲ್ಲಿ ತಪ್ಪು ಜಾಸ್ತಿ, ದೊಡ್ಡ ಉದ್ದದಲ್ಲಿ ಕಮ್ಮಿ. ಎಲ್ಲ ಉದ್ದದಲ್ಲೂ ಅಷ್ಟೇ ಸೆಂಟಿಮೀಟರ್ ಬಿಟ್ಟುಹೋಗಿದ್ದರೆ ಹೀಗೇ ಆಗುತ್ತದೆ. ಒಂದೂವರೆ ಸೆಂ.ಮೀ. ಎಂಬುದು 40ಕ್ಕೆ ದೊಡ್ಡದು, 120ಕ್ಕೆ ಸಣ್ಣದು.

## ಹಂತ 5: T² ಮತ್ತು l ಗ್ರಾಫ್ ಎಳೆದು ಇಂಟರ್‌ಸೆಪ್ಟ್ ಓದಿ

ಅಡ್ಡ ಅಕ್ಷದಲ್ಲಿ l, ನೇರ ಅಕ್ಷದಲ್ಲಿ T². ಎರಡೂ ಅಕ್ಷಗಳು ಸೊನ್ನೆಯಿಂದ ಶುರುವಾಗಬೇಕು. ಹಾಳೆ ಉಳಿಸಲು ಅಕ್ಷವನ್ನು 40ರಿಂದ ಶುರು ಮಾಡಿದರೆ ನಮಗೆ ಬೇಕಾದ ಜಾಗವೇ ಹಾಳೆಯ ಹೊರಗೆ ಹೋಗುತ್ತದೆ.

ಐದು ಬಿಂದುಗಳ ನಡುವೆ ಸರಿಯಾಗಿ ಹಾಯುವ ಗೆರೆ ಎಳೆಯಿರಿ. ಅದನ್ನು ಸೊನ್ನೆಯ ಮೂಲಕ ಹೋಗಲು ಬಲವಂತ ಮಾಡಬೇಡಿ. ಈ ಪ್ರಯೋಗದಲ್ಲಿ ನಾನು ಕಾಣುವ ಅತಿ ದೊಡ್ಡ ತಪ್ಪು ಇದೇ. "ಸೂತ್ರದ ಪ್ರಕಾರ L ಸೊನ್ನೆ ಆದರೆ T ಸೊನ್ನೆ" ಎಂದು ಸ್ಕೇಲನ್ನು ಮೂಲೆಗೆ ತಾಗಿಸಿಯೇ ಎಳೆಯುತ್ತಾರೆ. ಅವಳ ಅಂಕಿಗಳಿಗೆ ಹಾಗೆ ಎಳೆದರೆ g 9.62 ಬರುತ್ತದೆ. ದೋಷವೂ ಉಳಿಯಿತು, ದೋಷ ಇದೆ ಎಂಬ ಸಾಕ್ಷಿಯೂ ಅಳಿಸಿಹೋಯಿತು.

ಸ್ಪ್ರೆಡ್‌ಶೀಟ್‌ನಲ್ಲಾದರೆ l ಅನ್ನು `A2:A6`ರಲ್ಲಿ, T² ಅನ್ನು `B2:B6`ರಲ್ಲಿ ಇಟ್ಟು ಒಂದು ಖಾಲಿ ಜಾಗದಲ್ಲಿ ಇದನ್ನು ಬರೆಯಿರಿ:

```
=LINEST(B2:B6,A2:A6,TRUE,TRUE)
```

ಮೊದಲ ಸಾಲಿನಲ್ಲಿ ಸ್ಲೋಪ್ ಮತ್ತು ಇಂಟರ್‌ಸೆಪ್ಟ್, ಎರಡನೇ ಸಾಲಿನಲ್ಲಿ ಅವುಗಳ ಅನಿಶ್ಚಿತತೆ ಬರುತ್ತದೆ. ಅವಳಿಗೆ ಬಂದದ್ದು:

ಸ್ಲೋಪ್ 4.038 ± 0.011
ಇಂಟರ್‌ಸೆಪ್ಟ್ 0.060 ± 0.009

ಈಗ ಎರಡು ಪ್ರಶ್ನೆ ಕೇಳಿ. ಒಂದು, ಇಂಟರ್‌ಸೆಪ್ಟ್ ಸೊನ್ನೆಯೇ? 0.060 ಎಂಬುದು ತನ್ನ ಅನಿಶ್ಚಿತತೆಯ ಆರು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಸೊನ್ನೆ ಅಲ್ಲ. ಎರಡು, ಬಿಂದುಗಳು ಗೆರೆಯಿಂದ ಎಷ್ಟು ದೂರ ಇವೆ? ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು 0.004ರಿಂದ 0.008ರಷ್ಟು ಆಚೀಚೆ ಇವೆ. ಹಂತ 2ರ 0.05 ಸೆಕೆಂಡಿನ ಏರುಪೇರು T²ನಲ್ಲಿ ಸುಮಾರು 0.009 ಆಗುತ್ತದೆ. ಎರಡೂ ಒಂದೇ ಅಳತೆಯವು.

ಗ್ರಾಫ್ ಎರಡು ದೋಷಗಳನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟು ತೋರಿಸುತ್ತಿದೆ. ಬಿಂದುಗಳು ಗೆರೆಯ ಸುತ್ತ ಚೆದುರಿರುವುದು ಯಾದೃಚ್ಛಿಕ ದೋಷ. ಗೆರೆಯೇ ಸರಿದಿರುವುದು ವ್ಯವಸ್ಥಿತ ದೋಷ.

ಎಷ್ಟು ಸರಿದಿದೆ ಎಂಬುದನ್ನು ಉದ್ದಕ್ಕೆ ತಿರುಗಿಸಿ. ಇಂಟರ್‌ಸೆಪ್ಟನ್ನು ಸ್ಲೋಪಿನಿಂದ ಭಾಗಿಸಿದರೆ 0.060 / 4.038 = 0.015 ಮೀಟರ್. ಒಂದೂವರೆ ಸೆಂಟಿಮೀಟರ್ ಎಲ್ಲೋ ಬಿಟ್ಟುಹೋಗಿದೆ ಎಂದು ಗ್ರಾಫ್ ಹೇಳುತ್ತಿದೆ.

ಇದರ ಜೊತೆಗೆ ಇನ್ನೊಂದೂ ಸಿಕ್ಕಿತು. ಎಲ್ಲ ಉದ್ದಕ್ಕೂ ಅಷ್ಟೇ ಸೆಂಟಿಮೀಟರ್ ತಪ್ಪಿದ್ದರೆ ಗೆರೆ ಪಕ್ಕಕ್ಕೆ ಸರಿಯುತ್ತದೆ, ಅದರ ಓರೆ ಬದಲಾಗುವುದಿಲ್ಲ. ಹಾಗಾಗಿ 4π²ನ್ನು ಸ್ಲೋಪಿನಿಂದ ಭಾಗಿಸಿ: 39.48 / 4.038 = 9.78. ಅನಿಶ್ಚಿತತೆ ± 0.03. ಅವಳು ಒಂದೂ ಹೊಸ ರೀಡಿಂಗ್ ತೆಗೆಯಲಿಲ್ಲ.

## ಹಂತ 6: ಶಂಕೆಯನ್ನು ಬೇರೆ ಉಪಕರಣದಿಂದ ಅಳೆದು ನೋಡಿ

ಗ್ರಾಫ್ ಹೇಳಿದ 1.5 ಸೆಂ.ಮೀ.ಯನ್ನು ಹಾಗೇ ಎಲ್ಲ ಉದ್ದಕ್ಕೂ ಸೇರಿಸಿ ಉತ್ತರ ಸರಿಮಾಡಿಕೊಳ್ಳಬೇಡಿ. ಅದು ಉತ್ತರಕ್ಕೆ ತಕ್ಕಂತೆ ಲೆಕ್ಕ ಹೊಂದಿಸಿದ ಹಾಗೆ. ಆ ಸೆಂಟಿಮೀಟರು ನಿಜವಾಗಿ ಎಲ್ಲಿದೆ ಎಂದು ಹುಡುಕಬೇಕು.

ಅವಳ ಸ್ಟ್ಯಾಂಡಿನ ಹತ್ತಿರ ಹೋದೆವು. "ಉದ್ದ ಎಲ್ಲಿಂದ ಎಲ್ಲಿಗೆ ಅಳೆದೆಯಮ್ಮ?" ಎಂದು ಕೇಳಿದೆ. ಕಾರ್ಕಿನ ಅಂಚಿನಿಂದ ದಾರದ ಗಂಟಿನವರೆಗೆ ಬೆರಳಿಟ್ಟು ತೋರಿಸಿದಳು. ಬೆರಳು ಗಂಟಿನ ಮೇಲೇ ನಿಂತಿತು. ಕೆಳಗೆ ಹಿತ್ತಾಳೆ ಗುಂಡು ಇನ್ನೂ ತಿರುಗುತ್ತಿತ್ತು. ಅವಳೇ ಒಂದು ಕ್ಷಣ ನೋಡಿ, "ಅಯ್ಯೋ, ಗುಂಡಿನ ಮಧ್ಯದವರೆಗೂ ಬೇಕಲ್ವಾ ಸರ್" ಎಂದಳು. ವರ್ನಿಯರ್ ತಂದಳು. ಗುಂಡಿನ ವ್ಯಾಸ 2.00 ಸೆಂ.ಮೀ. ಅಂದರೆ ಮಧ್ಯದವರೆಗೆ 1.00. ಗಂಟಿನಿಂದ ಗುಂಡಿನ ಮೇಲ್ಭಾಗದವರೆಗೆ ಕೊಕ್ಕೆ 0.5. ಒಟ್ಟು 1.5.

ಗ್ರಾಫ್ ಹೇಳಿದ್ದೂ ವರ್ನಿಯರ್ ಹೇಳಿದ್ದೂ ಒಂದಕ್ಕೊಂದು ಗೊತ್ತಿಲ್ಲದ ಇಬ್ಬರು ಸಾಕ್ಷಿಗಳ ಹೇಳಿಕೆ. ಇಬ್ಬರೂ ಒಂದೇ ಮಾತು ಹೇಳಿದಾಗ ಮಾತ್ರ ಆ 1.5ನ್ನು ಸೇರಿಸಬಹುದು. ಸೇರಿಸಿದ ಮೇಲೆ ಐದು ಉದ್ದದ g ಹೀಗಾಯಿತು: 9.75, 9.80, 9.77, 9.80, 9.77. ಏರಿಕೆ ಹೋಯಿತು. ಬರೀ ಕುಣಿತ ಉಳಿಯಿತು. ವ್ಯವಸ್ಥಿತ ದೋಷ ತೆಗೆದಾಗ ಕಾಣಬೇಕಾದ್ದು ಇದೇ.

ಇಂಟರ್‌ಸೆಪ್ಟ್ ಸೊನ್ನೆಗಿಂತ ಕೆಳಗೆ ಬಂದರೆ ಉದ್ದವನ್ನು ಜಾಸ್ತಿ ಅಳೆದಿದ್ದೀರಿ. ಗುಂಡಿನ ತಳದವರೆಗೆ ಅಳೆದರೆ ಹಾಗಾಗುತ್ತದೆ. ಮರದ ಮೀಟರ್ ಸ್ಕೇಲಿನ ತುದಿ ಸವೆದಿದ್ದರೂ ಆಗುತ್ತದೆ. ಮೂರು ಮಿ.ಮೀ. ಸವೆದಿದ್ದರೆ ಪ್ರತಿ ಉದ್ದವೂ ಮೂರು ಮಿ.ಮೀ. ಜಾಸ್ತಿ ತೋರಿಸುತ್ತದೆ. ಅದಕ್ಕೇ ತುದಿಯಿಂದ ಅಳೆಯದೆ 10 ಸೆಂ.ಮೀ. ಗುರುತಿನಿಂದ ಅಳೆದು ಹತ್ತನ್ನು ಕಳೆಯುವುದು ಒಳ್ಳೆಯದು.

## ಹಂತ 7: ಗೆರೆ ಸೊನ್ನೆಯ ಮೂಲಕವೇ ಹೋಗುತ್ತದೆ, g ಮಾತ್ರ ತಪ್ಪು

ಎಲ್ಲ ವ್ಯವಸ್ಥಿತ ದೋಷವೂ ಇಂಟರ್‌ಸೆಪ್ಟಿನಲ್ಲಿ ಸಿಕ್ಕಿಬೀಳುವುದಿಲ್ಲ. ಕೆಲವು ಎಲ್ಲ ಉದ್ದದಲ್ಲೂ T²ನ್ನು ಒಂದೇ ಪಟ್ಟಿನಲ್ಲಿ ಬದಲಾಯಿಸುತ್ತವೆ. ಆಗ ಗೆರೆ ಸೊನ್ನೆಯಿಂದಲೇ ಹೊರಟು ಓರೆ ಮಾತ್ರ ಬದಲಾಗುತ್ತದೆ. ಎರಡು ಕಾರಣಗಳನ್ನು ಮೊದಲು ನೋಡಿ.

ಎಣಿಕೆ. ವಾಚ್ ಒತ್ತಿದ ಕೂಡಲೇ "ಒಂದು" ಎಂದವರಿಗೆ "ಇಪ್ಪತ್ತು" ಎನ್ನುವಾಗ ಆಗಿರುವುದು 19 ಆಂದೋಲನ. ಶುರುವಿನಲ್ಲಿ "ಸೊನ್ನೆ" ಎನ್ನಬೇಕು. ಈ ತಪ್ಪಾದರೆ g 10.8ರ ಹತ್ತಿರ ಬರುತ್ತದೆ, ಅದೂ ಎಲ್ಲ ಉದ್ದದಲ್ಲೂ. ಐದು ಸಲ ತೆಗೆದರೂ ಐದೂ ಚೆನ್ನಾಗಿ ಹೊಂದಿಕೊಳ್ಳುತ್ತವೆ, ಏಕೆಂದರೆ ಐದು ಸಲವೂ ಅದೇ ತಪ್ಪು.

ಇದನ್ನು ಹಿಡಿಯಲು ಉದ್ದವನ್ನು ಹಾಗೇ ಬಿಟ್ಟು ಎಣಿಕೆ ಬದಲಾಯಿಸಿ. 10, 20, 30 ಆಂದೋಲನಗಳ ಸಮಯ ತೆಗೆಯಿರಿ. 18.1, 38.2, 58.3 ಬಂದರೆ ಪ್ರತಿ ಹತ್ತಕ್ಕೂ 20.1 ಸೆಕೆಂಡು ಕೂಡುತ್ತಿದೆ. ಹಾಗಾದರೆ ಮೊದಲ ಹತ್ತಕ್ಕೂ 20.1 ಇರಬೇಕಿತ್ತು. ಎರಡು ಸೆಕೆಂಡು, ಅಂದರೆ ಒಂದು ಪೂರ್ತಿ ಆಂದೋಲನ, ಕಾಣೆಯಾಗಿದೆ.

ಕೋನ. ಸೂತ್ರ ಸಣ್ಣ ಕೋನಕ್ಕೆ ಮಾತ್ರ ಸರಿ. 5 ಡಿಗ್ರಿಯಲ್ಲಿ T ಶೇಕಡಾ 0.05 ಜಾಸ್ತಿ ಆಗುತ್ತದೆ, ಅದನ್ನು ಮರೆಯಬಹುದು. 20 ಡಿಗ್ರಿಯಲ್ಲಿ 0.8, 30 ಡಿಗ್ರಿಯಲ್ಲಿ 1.7. ಎಲ್ಲ ಉದ್ದದಲ್ಲೂ 30 ಡಿಗ್ರಿ ಎಳೆದು ಬಿಟ್ಟರೆ g 9.45ರ ಕಡೆಗೆ ಇಳಿಯುತ್ತದೆ. ಮೀಟರ್ ಉದ್ದದ ದಾರಕ್ಕೆ 5 ಡಿಗ್ರಿ ಅಂದರೆ ಗುಂಡನ್ನು ಸುಮಾರು 9 ಸೆಂ.ಮೀ. ಪಕ್ಕಕ್ಕೆ ಎಳೆದಷ್ಟು.

ಇಲ್ಲಿ ಹುಷಾರಾಗಿರಬೇಕಾದ ಒಂದು ಜಾಗ ಇದೆ. ಬಹಳಷ್ಟು ಜನ ಕೋನ ನೋಡುವುದಿಲ್ಲ, ಪ್ರತಿ ಸಲ ಒಂದು ಗೇಣಷ್ಟು, ಹೆಚ್ಚುಕಮ್ಮಿ 20 ಸೆಂ.ಮೀ., ಎಳೆದು ಬಿಡುತ್ತಾರೆ. 120 ಸೆಂ.ಮೀ. ದಾರಕ್ಕೆ ಅದು 10 ಡಿಗ್ರಿಗಿಂತ ಕಮ್ಮಿ. 40 ಸೆಂ.ಮೀ. ದಾರಕ್ಕೆ 30 ಡಿಗ್ರಿ! ಚಿಕ್ಕ ಉದ್ದದಲ್ಲಿ T² ಜಾಸ್ತಿ ಉಬ್ಬುವುದರಿಂದ ಗೆರೆ ಸೊನ್ನೆಗಿಂತ ಮೇಲೆ ಕತ್ತರಿಸುತ್ತದೆ. ನೋಡಲು ಥೇಟ್ ಕೊಕ್ಕೆ ಬಿಟ್ಟುಹೋದ ಹಾಗೆ. ಗ್ರಾಫ್ ಒಂದರಿಂದ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. 40 ಸೆಂ.ಮೀ. ದಾರದಲ್ಲಿ ಒಮ್ಮೆ 20 ಸೆಂ.ಮೀ., ಇನ್ನೊಮ್ಮೆ 3 ಸೆಂ.ಮೀ. ಎಳೆದು ಸಮಯ ನೋಡಿ. 20 ಆಂದೋಲನಕ್ಕೆ ಏರುಪೇರಿಗಿಂತ ದೊಡ್ಡ ವ್ಯತ್ಯಾಸ ಬಂದರೆ ಕೋನವೇ ಕಾರಣ. ಬರದಿದ್ದರೆ ಮತ್ತೆ ಉದ್ದದ ಕಡೆ ಹೋಗಿ. ಹಂತ 6ರಲ್ಲಿ ವರ್ನಿಯರ್ ಏಕೆ ಬೇಕೇಬೇಕು ಎಂದೆನೋ, ಅದಕ್ಕೆ ಇದೂ ಒಂದು ಕಾರಣ.

## ಒಂದೇ ಸಲ ಅಳೆದದ್ದರ ಬಗ್ಗೆ ಎಚ್ಚರ

ಒಂದೇ ಕಾರಣದಿಂದ ಹುಟ್ಟಿದ ದೋಷ ನೀವು ಮಾಡುವ ಕ್ರಮದ ಮೇಲೆ ವ್ಯವಸ್ಥಿತವೂ ಆಗಬಹುದು, ಯಾದೃಚ್ಛಿಕವೂ ಆಗಬಹುದು. ಸ್ಕೇಲ್ ಓದುವಾಗ ಕಣ್ಣು ಓರೆಯಾಗಿ ಒಂದು ಮಿ.ಮೀ. ಜಾಸ್ತಿ ಓದಿದಿರಿ ಎನ್ನಿ. ಆ ಉದ್ದವನ್ನು ಒಂದೇ ಸಲ ಅಳೆದು, ಅದರ ಮೇಲೆ ಐದು ಸಲ ಸಮಯ ತೆಗೆದರೆ, ಆ ಒಂದು ಮಿ.ಮೀ. ಐದರಲ್ಲೂ ಕೂತಿರುತ್ತದೆ. ಸಮಯದ ಏರುಪೇರಿನಲ್ಲಿ ಅದು ಕಾಣುವುದೇ ಇಲ್ಲ. ಪ್ರತಿ ಸಲವೂ ಸ್ಕೇಲನ್ನು ತೆಗೆದು ಮತ್ತೆ ಇಟ್ಟು ಅಳೆದರೆ ಅದೇ ದೋಷ ಮೇಲೆ ಕೆಳಗೆ ಆಗುತ್ತಾ ಕಣ್ಣಿಗೆ ಬೀಳುತ್ತದೆ. ಉದ್ದವನ್ನೂ ಮೂರು ಸಲವಾದರೂ ಹೊಸದಾಗಿ ಅಳೆಯಿರಿ, ಸಾಧ್ಯವಾದರೆ ಒಂದು ಸಲ ಜೊತೆಯವರಿಂದ ಅಳೆಸಿ.

ಸಮಯಕ್ಕೂ ಜೊತೆಯವರು ಉಪಯೋಗಕ್ಕೆ ಬರುತ್ತಾರೆ. ಒಂದೇ ಆಟವನ್ನು ಇಬ್ಬರೂ ತಮ್ಮ ತಮ್ಮ ವಾಚಿನಲ್ಲಿ ಅಳೆಯಿರಿ. ಹತ್ತು ಸಲವೂ ಒಬ್ಬರದು ಇನ್ನೊಬ್ಬರಿಗಿಂತ ಜಾಸ್ತಿಯೇ ಬಂದರೆ ಇಬ್ಬರಲ್ಲಿ ಒಬ್ಬರಿಗೆ ವ್ಯವಸ್ಥಿತವಾದ ಅಭ್ಯಾಸವಿದೆ. ಒಮ್ಮೆ ಇವರದು, ಒಮ್ಮೆ ಅವರದು ಜಾಸ್ತಿ ಬಂದರೆ ಅದು ಏರುಪೇರು.

## ಹಂತ 8: ರೆಕಾರ್ಡಿನಲ್ಲಿ ಬರೆಯುವುದು, ಉಳಿದ ಏರುಪೇರು ಇಳಿಸುವುದು

ಎರಡು ದೋಷಗಳನ್ನು ಬೇರೆ ಬೇರೆ ಸಾಲಿನಲ್ಲಿ, ಅಂಕಿ ಸಮೇತ ಬರೆಯಿರಿ. ಅವಳು ಕೊನೆಗೆ ಬರೆದದ್ದು ಹೀಗಿತ್ತು:

"T²–l ಗ್ರಾಫಿನ ಇಂಟರ್‌ಸೆಪ್ಟ್ 0.060 ± 0.009 ಸೆ.² ಬಂದಿದೆ. ಇದು ಉದ್ದದಲ್ಲಿ 1.5 ಸೆಂ.ಮೀ. ಬಿಟ್ಟುಹೋಗಿರುವುದನ್ನು ತೋರಿಸುತ್ತದೆ. ವರ್ನಿಯರ್‌ನಿಂದ ಗುಂಡಿನ ತ್ರಿಜ್ಯ ಮತ್ತು ಕೊಕ್ಕೆ ಸೇರಿ 1.5 ಸೆಂ.ಮೀ. ಎಂದು ಖಚಿತವಾಗಿದೆ. ಸ್ಲೋಪಿನಿಂದ g = 9.78 ± 0.03 m/s². ಈ ± 0.03 ಮುಖ್ಯವಾಗಿ ಸಮಯದ ಏರುಪೇರಿನಿಂದ ಬಂದದ್ದು."

ಆ 0.03ನ್ನು ಇಳಿಸಬೇಕೆಂದರೆ ರೀಡಿಂಗ್‌ಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ 20ರ ಬದಲು 50 ಆಂದೋಲನ ಎಣಿಸಿ. ವಾಚ್ ಒತ್ತುವ ಏರುಪೇರು ಅಷ್ಟೇ ಇರುತ್ತದೆ, ಆದರೆ ಅದು 50ಕ್ಕೆ ಹಂಚಿಹೋಗುತ್ತದೆ. T ಎರಡೂವರೆ ಪಟ್ಟು ಖಚಿತವಾಗುತ್ತದೆ. ಅದನ್ನೇ 20 ಆಂದೋಲನದಲ್ಲಿ ಪಡೆಯಲು ಪ್ರತಿ ಉದ್ದಕ್ಕೂ ಐದರ ಬದಲು 31 ರೀಡಿಂಗ್ ಬೇಕು. 50ಕ್ಕೆ ಹೋದ ಮೇಲೆ ಸಮಯದಿಂದ T²ನಲ್ಲಿ ಬರುವ ಅನಿಶ್ಚಿತತೆ 0.009ರಿಂದ 0.004ಕ್ಕೆ ಇಳಿಯುತ್ತದೆ. ಉದ್ದದಲ್ಲಿ ಒಂದು ಮಿ.ಮೀ. ತಪ್ಪಾದರೂ T²ನಲ್ಲಿ ಅಷ್ಟೇ, 0.004. ಅಲ್ಲಿಂದ ಮುಂದೆ ಸ್ಟಾಪ್‌ವಾಚ್ ಬಿಟ್ಟು ಮೀಟರ್ ಸ್ಕೇಲಿನ ಕಡೆ ಗಮನ ಕೊಡಿ.